ಸೋಫಾ ಎಷ್ಟು ವರ್ಷ ಬಾಳುತ್ತದೆ? ಫೋಮನ್ನು ತೂಗಿ ನೋಡಿ

ಹೊಸ ಸೋಫಾ ಮನೆಗೆ ಬಂದು ಎರಡು ವರ್ಷ ಕಳೆಯುವಷ್ಟರಲ್ಲಿ ಟಿವಿಗೆ ನೇರವಾಗಿರುವ ಸೀಟು ತಗ್ಗು ಬೀಳುತ್ತದೆ. ಬಟ್ಟೆ ಹರಿದಿರುವುದಿಲ್ಲ, ಹೊಲಿಗೆ ಬಿಟ್ಟಿರುವುದಿಲ್ಲ, ಮರವೂ ಗಟ್ಟಿಯಾಗಿಯೇ ಇರುತ್ತದೆ. ಆದರೆ ಕೂತರೆ ಸೊಂಟ ಮಂಡಿಗಿಂತ ಕೆಳಗೆ ಇಳಿಯುತ್ತದೆ. ಮನೆಯ ಹಿರಿಯರು ಏಳಬೇಕಾದರೆ ಯಾರದಾದರೂ ಕೈ ಹಿಡಿಯಬೇಕಾಗುತ್ತದೆ. ಅಂಗಡಿಯವರನ್ನು ಕೇಳಿದರೆ "ಮಕ್ಕಳು ಕುಣಿದಿರ್ತಾರೆ ಸಾರ್" ಎನ್ನುತ್ತಾರೆ, ಇಲ್ಲವೇ "ದಪ್ಪ ಇರೋರು ಒಂದೇ ಕಡೆ ಕೂತ್ರೆ ಹೀಗೇ ಮೇಡಂ" ಎನ್ನುತ್ತಾರೆ. ಕೂರುವುದಕ್ಕೆಂದೇ ತಂದ ವಸ್ತು ಕೂತದ್ದರಿಂದ ಹಾಳಾಯಿತು ಎಂಬ ಮಾತನ್ನು ಒಪ್ಪಬೇಕಾಗಿಲ್ಲ. ಆ ಸೀಟು ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಸೋಫಾ ನಿಮ್ಮ ಮನೆಗೆ ಬರುವ ಮೊದಲೇ, ಒಳಗೆ ಯಾವ ಫೋಮ್ ತುಂಬಬೇಕು ಎಂದು ತೀರ್ಮಾನಿಸಿದ ಗಳಿಗೆಯಲ್ಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಅದನ್ನು ಕಂಡುಹಿಡಿಯಲು ಒಂದು ಅಳತೆಪಟ್ಟಿ, ಒಂದು ತಕ್ಕಡಿ ಸಾಕು.

ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ

ಸೋಫಾ ಅಂಗಡಿಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು 'ಡೆನ್ಸಿಟಿ'. "ಇದು 32 ಡೆನ್ಸಿಟಿ, ಇದು 40 ಡೆನ್ಸಿಟಿ" ಎನ್ನುತ್ತಾ ಅಂಗಡಿಯವರು ಸೀಟನ್ನು ಅಂಗೈಯಿಂದ ಒತ್ತಿ ತೋರಿಸುತ್ತಾರೆ. ನಾವೂ ಒತ್ತಿ ನೋಡುತ್ತೇವೆ. ಗಟ್ಟಿಯಾಗಿದ್ದರೆ ಡೆನ್ಸಿಟಿ ಜಾಸ್ತಿ, ಮೆತ್ತಗಿದ್ದರೆ ಕಡಿಮೆ ಎಂದುಕೊಳ್ಳುತ್ತೇವೆ. ಬಹಳ ಮಂದಿ ಮೋಸ ಹೋಗುವುದು ಇಲ್ಲೇ.

ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಫೋಮ್ ದಿಂಡು 32 ಕಿಲೋ ತೂಗಿದರೆ ಅದು 32 ಡೆನ್ಸಿಟಿ. ಗಟ್ಟಿತನವನ್ನು ಅಳೆಯುವ ಕ್ರಮವೇ ಬೇರೆ. ಪ್ರಯೋಗಾಲಯದಲ್ಲಿ ಸುಮಾರು 20 ಸೆಂಟಿಮೀಟರ್ ವ್ಯಾಸದ ಬಿಲ್ಲೆಯೊಂದನ್ನು ಫೋಮಿನ ಮೇಲಿಟ್ಟು, ಅದರ ದಪ್ಪದಲ್ಲಿ ಇಂತಿಷ್ಟು ಪಾಲು ಒಳಗೆ ಹೋಗುವಂತೆ ಒತ್ತಲು ಎಷ್ಟು ಬಲ ಬೇಕಾಯಿತು ಎಂದು ನೋಡುತ್ತಾರೆ. ಈ ಎರಡು ಗುಣಗಳು ಒಟ್ಟೊಟ್ಟಿಗೇ ಏರಿಳಿಯಬೇಕೆಂದಿಲ್ಲ. ಫೋಮ್ ತಯಾರಿಸುವಾಗ ಬೆರೆಸುವ ರಾಸಾಯನಿಕಗಳ ಪ್ರಮಾಣವನ್ನು ಹೊಂದಿಸಿ 23 ಡೆನ್ಸಿಟಿಯ ಫೋಮನ್ನು ಹಲಗೆಯ ಹಾಗೆ ಬಿಗಿ ಮಾಡಬಹುದು, 40 ಡೆನ್ಸಿಟಿಯದನ್ನು ಮೆತ್ತಗೆ ಮಾಡಬಹುದು. ಕೂತಾಗ ಹಿತ ಎನಿಸುತ್ತದೆಯೇ ಎಂಬುದನ್ನು ಗಟ್ಟಿತನ ಹೇಳುತ್ತದೆ. ಆ ಹಿತ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಡೆನ್ಸಿಟಿ ಹೇಳುತ್ತದೆ. ಅಂಗೈಯಿಂದ ಒತ್ತಿದಾಗ ತಿಳಿಯುವುದು ಮೊದಲನೆಯದು ಮಾತ್ರ.

ಫೋಮ್ ಸೋಲುವುದು ಹೇಗೆ

ಸೋಫಾದ ಫೋಮ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಜರ್ಮನಿಯ ಲೆವರ್ಕೂಸನ್‌ನಲ್ಲಿ ಓಟ್ಟೊ ಬೇಯರ್ ಮತ್ತು ಅವರ ಸಹೋದ್ಯೋಗಿಗಳು 1937ರಲ್ಲಿ ಇದರ ರಸಾಯನ ವಿಧಾನವನ್ನು ಕಂಡುಹಿಡಿದರು. ಪಾಲಿಯಾಲ್ ಮತ್ತು ಐಸೋಸಯನೇಟ್ ಎಂಬ ಎರಡು ದ್ರವಗಳನ್ನು ಸ್ವಲ್ಪ ನೀರಿನೊಂದಿಗೆ ಬೆರೆಸಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ ಮಿಶ್ರಣ ಉಬ್ಬುತ್ತದೆ. ಉಬ್ಬಿದ್ದು ಹಾಗೆಯೇ ಗಟ್ಟಿಯಾಗಿ ದೊಡ್ಡ ದಿಂಡಾಗುತ್ತದೆ. ಅದನ್ನು ಶೀಟುಗಳಾಗಿ ಕೊಯ್ದು ಮಾರುತ್ತಾರೆ.

ಗುಳ್ಳೆಯೇ ಇಲ್ಲದ ಗಟ್ಟಿ ಪಾಲಿಯುರೆಥೇನ್ ಒಂದು ಘನ ಮೀಟರಿಗೆ ಸುಮಾರು 1,200 ಕಿಲೋ ತೂಗುತ್ತದೆ. 32 ಡೆನ್ಸಿಟಿಯ ಫೋಮಿನಲ್ಲಿ ಅಷ್ಟೇ ಜಾಗದಲ್ಲಿ ಇರುವುದು 32 ಕಿಲೋ. ಎಂದರೆ ನಾವು ಕೊಂಡ ಫೋಮಿನಲ್ಲಿ ನೂರಕ್ಕೆ 97 ಪಾಲು ಗಾಳಿ, ಉಳಿದ 3 ಪಾಲಿಗಿಂತಲೂ ತುಸು ಕಡಿಮೆ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ ಸೂಕ್ಷ್ಮವಾದ ಎಳೆಗಳಾಗಿ ಗುಳ್ಳೆಗಳ ಸುತ್ತ ಜಾಲರಿಯಂತೆ ಹೆಣೆದುಕೊಂಡಿರುತ್ತದೆ. ನಾವು ಕೂತಾಗ ಈ ಎಳೆಗಳು ಬಾಗುತ್ತವೆ, ಎದ್ದಾಗ ಮತ್ತೆ ನೆಟ್ಟಗಾಗುತ್ತವೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಇದೇ ನಡೆಯುತ್ತದೆ. ಡೆನ್ಸಿಟಿ ಕಡಿಮೆಯಾದಂತೆ ಎಳೆಗಳಿಗೆ ಸಿಗುವ ಪದಾರ್ಥವೂ ಕಡಿಮೆ. ಅಂಥ ಎಳೆಗಳು ಬೇಗ ದಣಿಯುತ್ತವೆ. ಕೆಲವು ಮುರಿಯುತ್ತವೆ, ಕೆಲವು ಬಾಗಿದವು ಬಾಗಿದಂತೆಯೇ ಉಳಿಯುತ್ತವೆ. ತೆಳು ಗಳ ನೆಟ್ಟು ಹಾಕಿದ ಚಪ್ಪರವೂ ಮದುವೆಯ ದಿನಕ್ಕೆ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೂ ನಿಂತಿರುತ್ತದೆಯೇ ಎಂಬುದು ಗಳದ ದಪ್ಪಕ್ಕೆ ಬಿಟ್ಟದ್ದು. ಶೋರೂಮಿನಲ್ಲಿ ನಾವು ನೋಡುವುದು ಮದುವೆಯ ದಿನದ ಚಪ್ಪರವನ್ನು.

ಮೊದಲ ಕೆಲವು ವಾರಗಳಲ್ಲಿ ಎಲ್ಲ ಫೋಮೂ ಸ್ವಲ್ಪ ಮೆತ್ತಗಾಗುತ್ತದೆ. ಗುಳ್ಳೆಗಳ ನಡುವೆ ಉಳಿದಿದ್ದ ತೆಳು ಪೊರೆಗಳು ಒಡೆದು ಗಾಳಿ ಸರಾಗವಾಗಿ ಆಡತೊಡಗುವುದೇ ಇದಕ್ಕೆ ಕಾರಣ. ಇದನ್ನು ದೋಷವೆಂದು ತಿಳಿಯಬೇಕಿಲ್ಲ. ನೋಡಬೇಕಾದದ್ದು ಎತ್ತರವನ್ನು. ರಾತ್ರಿಯೆಲ್ಲ ಯಾರೂ ಕೂರದಿದ್ದರೂ ಬೆಳಿಗ್ಗೆ ಸೀಟಿನ ನಡುಭಾಗ ಅಂಚಿಗಿಂತ ತಗ್ಗಿನಲ್ಲೇ ಇದ್ದರೆ ಎಳೆಗಳು ಸೋತಿವೆ ಎಂದರ್ಥ. ಸೆಖೆ ಮತ್ತು ತೇವ ಇದನ್ನು ಬೇಗ ಮಾಡಿಸುತ್ತವೆ. ಅದಕ್ಕೇ ಪ್ರಯೋಗಾಲಯದಲ್ಲಿ ಫೋಮನ್ನು ಅರ್ಧ ದಪ್ಪಕ್ಕೋ ಅದಕ್ಕಿಂತ ಹೆಚ್ಚಿಗೋ ಅದುಮಿ, 70 ಡಿಗ್ರಿ ಶಾಖದಲ್ಲಿ 22 ಗಂಟೆ ಇಟ್ಟು, ಬಿಟ್ಟ ಮೇಲೆ ಎಷ್ಟು ಎತ್ತರ ಮರಳಿ ಬರಲಿಲ್ಲ ಎಂದು ಅಳೆಯುತ್ತಾರೆ. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಕಡಿಮೆ ಡೆನ್ಸಿಟಿಯ ಸೀಟನ್ನು ನೆಚ್ಚುವುದು ಇನ್ನೂ ಕಷ್ಟ.

ಮನೆಯಲ್ಲೇ ಮಾಡುವ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂರು ಜನ ಕೂರುವ ಸೋಫಾ, ಅದರಲ್ಲಿ ಮೂರು ಬಿಡಿ ಸೀಟು. ಬಿಲ್ಲಿನಲ್ಲಿ '32 ಡೆನ್ಸಿಟಿ' ಎಂದಿದೆ. ಎರಡು ವರ್ಷಕ್ಕೇ ಒಂದು ಸೀಟು ತಗ್ಗಿದೆ.

ಸೀಟಿನ ಕವರಿನ ಜಿಪ್ ತೆಗೆದು ಫೋಮನ್ನು ಹೊರಗೆಳೆಯಿರಿ. ಮೇಲೆ ಬಿಳಿ ರೆಕ್ರಾನ್ ಹಾಳೆ ಸುತ್ತಿದ್ದರೆ ಅದನ್ನು ಬಿಡಿಸಿ ಪಕ್ಕಕ್ಕಿಡಿ. ಫೋಮಿಗೆ ತೇವ ತಗುಲಿದ್ದರೆ ನೆರಳಿನಲ್ಲಿ ಒಣಗಿಸಿ. ಈಗ ಉದ್ದ, ಅಗಲ, ದಪ್ಪ ಅಳೆಯಿರಿ. ದಪ್ಪವನ್ನು ತಗ್ಗಿದ ನಡುಭಾಗದಲ್ಲಿ ಅಳೆಯಬಾರದು, ಯಾರೂ ಕೂರದ ಮೂಲೆಯಲ್ಲಿ ಅಳೆಯಬೇಕು. ಫೋಮ್ ತಗ್ಗಿದರೂ ಅದರ ತೂಕ ಅಷ್ಟೇ ಇರುವುದರಿಂದ, ತಗ್ಗಿದ ದಪ್ಪವನ್ನು ಲೆಕ್ಕಕ್ಕೆ ಹಿಡಿದರೆ ಡೆನ್ಸಿಟಿ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಅಳತೆ 60 ಸೆಂಟಿಮೀಟರ್ ಉದ್ದ, 60 ಅಗಲ, 12.5 ದಪ್ಪ ಎಂದಿಟ್ಟುಕೊಳ್ಳಿ. ಅಂಗಡಿಯ ಮಾತಿನಲ್ಲಿ ಇದು ಎರಡಡಿ ಚೌಕದ ಐದಿಂಚು ಸೀಟು. ಮೂರನ್ನೂ ಗುಣಿಸಿದರೆ 45,000. ಅದನ್ನು ಹತ್ತು ಲಕ್ಷದಿಂದ ಭಾಗಿಸಿದರೆ 0.045 ಘನ ಮೀಟರ್. ಇಷ್ಟು ಫೋಮ್ 32 ಡೆನ್ಸಿಟಿಯದ್ದಾಗಿದ್ದರೆ 0.045ನ್ನು 32ರಿಂದ ಗುಣಿಸಿದಷ್ಟು, ಎಂದರೆ 1.44 ಕಿಲೋ ತೂಗಬೇಕು. ಪ್ರಯಾಣದ ಬ್ಯಾಗು ತೂಗುವ ಕೈತಕ್ಕಡಿಗೆ ಫೋಮನ್ನು ತೆಳು ದಾರದಲ್ಲಿ ಕಟ್ಟಿ ನೇತುಹಾಕಿದಾಗ 1.04 ಕಿಲೋ ತೋರಿಸಿತು ಎನ್ನಿ. 1.04ನ್ನು 0.045ರಿಂದ ಭಾಗಿಸಿದರೆ 23. ಬಿಲ್ಲಿನಲ್ಲಿ 32 ಎಂದು ಬರೆದು, ಒಳಗೆ 23 ಹಾಕಿದ್ದಾರೆ. ಪ್ರತಿ ಸೀಟಿನಲ್ಲೂ 400 ಗ್ರಾಂ ಪದಾರ್ಥ ಕಡಿಮೆ. ಸೀಟು ತಗ್ಗಲು ಕೂತವರ ತೂಕ ಕಾರಣವೋ ಫೋಮಿನ ತೂಕ ಕಾರಣವೋ ಎಂಬ ವಾದ ಇಲ್ಲಿಗೆ ಮುಗಿಯುತ್ತದೆ.

ಒಂದೇ ದಿಂಡಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಮನೆಯ ಅಳತೆಯಲ್ಲೂ ಹೆಚ್ಚು ಕಡಿಮೆ ಆಗುತ್ತದೆ. ಆದ್ದರಿಂದ 32 ಎಂದಿದ್ದದ್ದು 31 ಅಥವಾ 30 ಬಂದರೆ ಜಗಳಕ್ಕೆ ಹೋಗಬೇಡಿ. 25ರ ಕೆಳಗೆ ಬಂದರೆ ಅದು ಅಳತೆಯ ತಪ್ಪಲ್ಲ.

ದಿನವೂ ಕೂರುವ ಸೀಟಿಗೆ ಎಷ್ಟು ಡೆನ್ಸಿಟಿ ಬೇಕು? ಸಾಮಾನ್ಯ ಫೋಮಿನಲ್ಲಿ 32 ಎಂಬುದು ಕನಿಷ್ಠ ಎಂದು ಇಟ್ಟುಕೊಳ್ಳಿ, 40 ಇದ್ದರೆ ನೆಮ್ಮದಿ. 18 ಮತ್ತು 23 ಸೀಟಿನ ಕೆಲಸಕ್ಕೆ ಬಾರವು. ಆದರೆ ಅವೇ ಒರಗುವ ಬೆನ್ನಿಗೆ, ತೋಳಿಗೆ ಸಲ್ಲುತ್ತವೆ, ಏಕೆಂದರೆ ಅಲ್ಲಿ ಬೀಳುವ ಭಾರ ಕಡಿಮೆ. ಇಡೀ ಸೋಫಾಕ್ಕೆ ದುಬಾರಿ ಫೋಮ್ ಬೇಕಿಲ್ಲ. ಹಣವನ್ನು ಸೀಟಿಗೆ ಹಾಕಿದರೆ ಸಾಕು.

ತೂಕವನ್ನೇ ನಂಬಲಾಗದಾಗ

ತೂಕದ ಪರೀಕ್ಷೆಗೂ ಮಿತಿಯಿದೆ. ಕೆಲವು ತಯಾರಕರು ದ್ರವ ಮಿಶ್ರಣಕ್ಕೆ ಸೀಮೆಸುಣ್ಣದಂಥ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಅದು ಅಗ್ಗ, ಭಾರವೂ ಹೌದು. ಫೋಮಿನ ತೂಕ ಏರುತ್ತದೆ, ಒತ್ತಿದರೆ ಬಿಗಿಯಾಗಿಯೂ ಇರುತ್ತದೆ. ಆದರೆ ಭಾರ ಹೊರುವ ಎಳೆಗಳಿಗೆ ಪುಡಿಯಿಂದ ಯಾವ ಬಲವೂ ಬರುವುದಿಲ್ಲ. ತಕ್ಕಡಿಯಲ್ಲಿ 32 ತೋರಿಸಿದ ಫೋಮ್ ಬಾಳುವುದು 23ರ ಹಾಗೆ.

ಇದನ್ನು ಗುರುತಿಸಲು ಫೋಮಿನ ಒಂದು ತುಣುಕು ಕೇಳಿ ಪಡೆಯಿರಿ. ಹೆಬ್ಬೆರಳಿನಿಂದ ಚೆನ್ನಾಗಿ ಅದುಮಿ ಬಿಡಿ. ಒಳ್ಳೆಯ ಫೋಮ್ ತಕ್ಷಣ ಮೇಲೇಳುತ್ತದೆ, ಪುಡಿ ತುಂಬಿದ್ದು ನಿಧಾನಿಸುತ್ತದೆ. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿ. ಒಳ್ಳೆಯದು ಹಿಗ್ಗಿ ಆಮೇಲೆ ಹರಿಯುತ್ತದೆ, ಪುಡಿಯದ್ದು ರೊಟ್ಟಿ ಚೂರಿನಂತೆ ಕಿತ್ತು ಬರುತ್ತದೆ. ಕಪ್ಪು ಬಟ್ಟೆಯ ಮೇಲೆ ಉಜ್ಜಿದರೆ ಬಿಳಿ ಧೂಳು ಉದುರಬಹುದು. ಸುಟ್ಟು ಬೂದಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪಾಲಿಯುರೆಥೇನ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ.

ಇನ್ನೊಂದು ಗೊಂದಲ ರೀಬಾಂಡೆಡ್ ಫೋಮಿನದು. ಕೊಯ್ದು ಉಳಿದ ಬಣ್ಣಬಣ್ಣದ ಚೂರುಗಳನ್ನು ಅಂಟು ಸೇರಿಸಿ ಅದುಮಿ ಮಾಡಿದ ಫೋಮ್ ಇದು. ಡೆನ್ಸಿಟಿ 80, 100 ಎಂದೆಲ್ಲ ಇರುತ್ತದೆ. 40ಕ್ಕಿಂತ 100 ಎರಡೂವರೆ ಪಟ್ಟು ಒಳ್ಳೆಯದು ಎಂದು ಲೆಕ್ಕ ಹಾಕಬಾರದು. ಚೂರುಗಳನ್ನು ಮೊದಲೇ ಅದುಮಿರುವುದರಿಂದ ತೂಕ ಹೆಚ್ಚಾಗಿದೆ, ಪುಟಿಯುವ ಗುಣ ಕಡಿಮೆಯಾಗಿದೆ. ತಳದ ಪದರವಾಗಿ ಇದು ಉಪಯೋಗಕ್ಕೆ ಬರುತ್ತದೆ. ಇಡೀ ಸೀಟಿಗೆ ಇದನ್ನೇ ಹಾಕಿದರೆ ಬೆಂಚಿನ ಮೇಲೆ ಕೂತಂತಾಗುತ್ತದೆ. ಡೆನ್ಸಿಟಿಯನ್ನು ಒಂದೇ ಜಾತಿಯ ಫೋಮುಗಳ ನಡುವೆ ಮಾತ್ರ ಹೋಲಿಸಬೇಕು.

ಎಚ್‌ಆರ್ ಫೋಮಿನ ಹೆಚ್ಚುಗಾರಿಕೆ

ಫೋಮ್ ಅಂಗಡಿಯಲ್ಲಿ 'ಎಚ್‌ಆರ್' ಎಂದು ಕರೆಯುವುದು ಹೆಚ್ಚು ಪುಟಿಯುವ ಬಗೆಯನ್ನು. ಸಾಮಾನ್ಯ ಫೋಮಿನ ಗುಳ್ಳೆಗಳು ಬಹುತೇಕ ಒಂದೇ ಗಾತ್ರದವು. ಎಚ್‌ಆರ್ ಫೋಮಿನಲ್ಲಿ ಅವು ಚಿಕ್ಕವು ದೊಡ್ಡವು ಬೆರೆತಿರುತ್ತವೆ. ಇದರಿಂದ ಕೂತ ಕೂಡಲೇ ಸ್ವಲ್ಪ ಒಳಗೆ ಇಳಿಯುತ್ತದೆ, ಇಳಿದಂತೆಲ್ಲ ತಡೆ ಹೆಚ್ಚುತ್ತಾ ಹೋಗುತ್ತದೆ. ಮೇಲೆ ಮೆತ್ತಗಿದ್ದರೂ ತಳದ ಹಲಗೆ ಸೊಂಟಕ್ಕೆ ಬಡಿಯುವುದಿಲ್ಲ. ಸಾಮಾನ್ಯ ಫೋಮ್ ಮೊದಲು ಬಿಗಿಯಾಗಿ ತಡೆದು, ಆಮೇಲೆ ಥಟ್ಟನೆ ಬಿಟ್ಟುಕೊಡುತ್ತದೆ.

ಇದನ್ನು ಅಂಗಡಿಯಲ್ಲೇ ತಿಳಿಯಬಹುದು. ಕೂತು ತಕ್ಷಣ ಎದ್ದರೆ ಏನೂ ಗೊತ್ತಾಗದು. ಮನೆಯಲ್ಲಿ ಕೂರುವ ಹಾಗೆಯೇ ಹದಿನೈದು ನಿಮಿಷ ಕೂತು ಮಾತಾಡಿ. ಆಮೇಲೆ ಒಂದು ಮಂಡಿಯನ್ನು ಸೀಟಿನ ಮೇಲೂರಿ ಭಾರ ಬಿಡಿ. ಮಂಡಿಗೆ ಕೆಳಗಿನ ಹಲಗೆ ತಾಗಿದರೆ ಆ ಫೋಮ್ ತೀರಾ ತೆಳುವಾಗಿದೆ ಅಥವಾ ತೀರಾ ದುರ್ಬಲವಾಗಿದೆ. ದಪ್ಪಕ್ಕೂ ಬಾಳಿಕೆಗೂ ನೇರ ಸಂಬಂಧವಿದೆ. ಅದೇ ಭಾರಕ್ಕೆ ಮೂರಿಂಚಿನ ಸೀಟು ತನ್ನ ದಪ್ಪದ ಹೆಚ್ಚಿನ ಪಾಲು ಅದುಮಿಕೊಳ್ಳಬೇಕು, ಐದಿಂಚಿನದು ಕಡಿಮೆ ಪಾಲು. ಪ್ರತಿ ಸಲವೂ ಪೂರ್ತಿ ನಜ್ಜುಗುಜ್ಜಾಗುವ ಎಳೆ ಬೇಗ ಸೋಲುತ್ತದೆ.

ರೆಕ್ರಾನ್ ತುಂಬಿದ ಮೆತ್ತೆ

ಉಬ್ಬಿದ ದಿಂಬುಗಳಂತೆ ಕಾಣುವ ಸೋಫಾಗಳಲ್ಲಿ ಫೋಮಿನ ಬದಲು ಅಥವಾ ಅದರ ಮೇಲೆ ಪಾಲಿಯೆಸ್ಟರ್ ನಾರು ತುಂಬಿರುತ್ತಾರೆ. ನಮ್ಮ ಕುಶನ್ ಕೆಲಸದವರು ಇದನ್ನು ಯಾವ ಕಂಪನಿಯದಾದರೂ ರೆಕ್ರಾನ್ ಎಂದೇ ಕರೆಯುತ್ತಾರೆ. ಈ ನಾರುಗಳು ಸುರುಳಿ ಸುತ್ತಿಕೊಂಡು ನಡುವೆ ಗಾಳಿ ಹಿಡಿದಿರುತ್ತವೆ. ಒಂದಕ್ಕೊಂದು ಅಂಟಿಕೊಂಡಿರದ ಕಾರಣ ಭಾರ ಬಿದ್ದ ಕಡೆಯಿಂದ ಪಕ್ಕಕ್ಕೆ ಸರಿಯುತ್ತವೆ. ಸೀಟಿನ ನಡುವೆ ಗುಂಡಿ, ಮೂಲೆಗಳಲ್ಲಿ ಗಂಟು ಆಗುವುದು ಹೀಗೆ.

ಬೆನ್ನಿನ ದಿಂಬಿಗೆ ರೆಕ್ರಾನ್ ಹಿತವಾಗಿರುತ್ತದೆ. ಒಳಚೀಲವನ್ನು ಎರಡು ಮೂರು ಅರೆಗಳಾಗಿ ಹೊಲಿದಿದ್ದರೆ ನಾರು ಕೆಳಕ್ಕೆ ಜಾರುವುದಿಲ್ಲ. ವಾರಕ್ಕೊಮ್ಮೆ ಕೊಡವಿ ಬಡಿದರೆ ಮತ್ತೆ ಉಬ್ಬುತ್ತದೆ. ಸೀಟಿಗೆ ಮಾತ್ರ ಬರಿ ರೆಕ್ರಾನ್ ಬೇಡ. ಸೀಟಿನಲ್ಲಿ ಅದರ ಸ್ಥಾನ ಫೋಮಿನ ಮೇಲಿನ ತೆಳು ಹೊದಿಕೆಯದು. ಅದು ಕವರನ್ನು ತುಂಬಿಕೊಂಡು ಸುಕ್ಕು ಬೀಳದಂತೆ ನೋಡಿಕೊಳ್ಳುತ್ತದೆ, ಫೋಮಿಗೂ ಬಟ್ಟೆಗೂ ತಿಕ್ಕಾಟ ಆಗದಂತೆ ತಡೆಯುತ್ತದೆ.

ತಪ್ಪು ಫೋಮಿನದೋ ತಳದ್ದೋ?

ಸೀಟು ತಗ್ಗಿದ್ದಕ್ಕೆಲ್ಲ ಫೋಮೇ ಕಾರಣವಲ್ಲ. ಅದರ ಕೆಳಗೆ ಎಲಾಸ್ಟಿಕ್ ಬೆಲ್ಟ್‌ಗಳ ಹೆಣಿಗೆಯೋ, ಹಾವಿನಂತೆ ಬಳುಕಿದ ಜಿಗ್‌ಜಾಗ್ ಸ್ಪ್ರಿಂಗುಗಳೋ, ಬರಿ ಪ್ಲೈವುಡ್ಡೋ ಇರುತ್ತದೆ. ಬೆಲ್ಟು ಹಿಗ್ಗಬಹುದು, ಸ್ಪ್ರಿಂಗಿನ ಕೊಕ್ಕೆ ಕಳಚಿರಬಹುದು. ಫೋಮ್ ಬದಲಿಸುವ ಮೊದಲು ಇದನ್ನು ನೋಡಲೇಬೇಕು. ಇಲ್ಲದಿದ್ದರೆ ಹೊಸ ಫೋಮೂ ಅದೇ ಗುಂಡಿಗೆ ಬೀಳುತ್ತದೆ.

ಸೀಟು ತೆಗೆದು, ಚೌಕಟ್ಟಿನ ಮುಂಭಾಗದಿಂದ ಹಿಂಭಾಗಕ್ಕೆ ನೆಟ್ಟಗಿನ ಕೋಲೊಂದನ್ನು ಅಡ್ಡ ಇಡಿ. ಕೋಲಿಗೂ ಕೆಳಗಿನ ಬೆಲ್ಟಿಗೂ ನಡುವಿನ ಅಂತರವನ್ನು ತಗ್ಗಿದ ಸೀಟಿನ ಜಾಗದಲ್ಲಿ ಒಮ್ಮೆ, ಅಪರೂಪಕ್ಕೆ ಕೂರುವ ಜಾಗದಲ್ಲಿ ಒಮ್ಮೆ ಅಳೆಯಿರಿ. ಎರಡೂ ಒಂದೇ ಇದ್ದರೆ ತಳ ಚೆನ್ನಾಗಿದೆ. ಇನ್ನೊಂದು ಉಪಾಯವೂ ಇದೆ. ತಗ್ಗಿದ ಸೀಟನ್ನು ಪಕ್ಕದ ಸೀಟಿನ ಜಾಗಕ್ಕೆ ಬದಲಿಸಿ ಕೂತು ನೋಡಿ. ತಗ್ಗು ಸೀಟಿನ ಜೊತೆ ಹೋದರೆ ತಪ್ಪು ಫೋಮಿನದು, ಹಳೆಯ ಜಾಗದಲ್ಲೇ ಉಳಿದರೆ ತಪ್ಪು ತಳದ್ದು.

ಹೊಸ ಸೋಫಾ ಬೇಕಿಲ್ಲ, ಹೊಸ ಫೋಮ್ ಸಾಕು

ನಮ್ಮ ಉದಾಹರಣೆಯ ಸೋಫಾದಲ್ಲಿ ತಳ ಗಟ್ಟಿಯಾಗಿದೆ, ಮರ ಚೆನ್ನಾಗಿದೆ, ಬಟ್ಟೆಯೂ ಸರಿಯಿದೆ. ಅದನ್ನು ಗುಜರಿಗೆ ಹಾಕುವ ಅಗತ್ಯವೇ ಇಲ್ಲ. ಹತ್ತಿರದ ಕುಶನ್ ವರ್ಕ್ಸ್‌ನವರಿಂದ ಮೂರು ಸೀಟಿನ ಫೋಮ್ ಮಾತ್ರ ಬದಲಿಸಬಹುದು. ಒಂದೇ ಬಗೆಯ ಐದಿಂಚು ಹಾಕಿಸುವ ಬದಲು ಕೆಳಗೆ ನಾಲ್ಕಿಂಚು 40 ಡೆನ್ಸಿಟಿಯ ಎಚ್‌ಆರ್, ಮೇಲೆ ಒಂದಿಂಚು 32 ಡೆನ್ಸಿಟಿಯ ಮೆತ್ತನೆಯ ಫೋಮ್ ಹಾಕಿಸಿದರೆ ಭಾರ ಹೊರುವ ಕೆಲಸ ಕೆಳಗಿನದಕ್ಕೆ, ಹಿತ ಕೊಡುವ ಕೆಲಸ ಮೇಲಿನದಕ್ಕೆ ಹಂಚಿಹೋಗುತ್ತದೆ. ಎರಡು ಪದರಗಳನ್ನು ಸೇರಿಸುವ ಅಂಟನ್ನು ಅಂಚಿನ ಸುತ್ತ ಮಾತ್ರ ಹಚ್ಚಲು ಹೇಳಿ. ಮೈತುಂಬ ಬಳಿದರೆ ಒಣಗಿ ಗಟ್ಟಿ ಪದರವಾಗಬಹುದು. ಫೋಮನ್ನು ಕವರಿನ ಅಳತೆಗಿಂತ ಅರ್ಧ ಇಂಚು ದೊಡ್ಡದಾಗಿ ಕೊಯ್ದರೆ ಬಟ್ಟೆ ಬಿಗಿಯಾಗಿ ಕೂರುತ್ತದೆ.

ಇದರ ತೂಕವನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬಹುದು. 60 ಚೌಕದ 10 ಸೆಂಟಿಮೀಟರ್ ದಪ್ಪದ 40 ಡೆನ್ಸಿಟಿ ಫೋಮ್ 1.44 ಕಿಲೋ, 2.5 ಸೆಂಟಿಮೀಟರ್‌ನ 32 ಡೆನ್ಸಿಟಿ ಫೋಮ್ ಸುಮಾರು 0.29 ಕಿಲೋ. ಒಟ್ಟು 1.73 ಕಿಲೋ. ಅರ್ಧ ಇಂಚು ದೊಡ್ಡದಾಗಿ ಕೊಯ್ದಿದ್ದರೆ ಇನ್ನೂ ಸ್ವಲ್ಪ ಹೆಚ್ಚೇ ಬರಬೇಕು. ಕೆಲಸದವರು ಫೋಮ್ ತಂದ ದಿನ, ಕವರಿಗೆ ತುಂಬುವ ಮೊದಲೇ ತೂಗಿ. ತುಂಬಿ ಹೊಲಿದ ಮೇಲೆ ಎಲ್ಲ ಫೋಮೂ ಒಂದೇ ಥರ ಕಾಣುತ್ತದೆ.

ಬಿಲ್ಲಿನಲ್ಲಿ ಬರೆಸಬೇಕಾದ ನಾಲ್ಕು ಮಾತು

ಹೊಸ ಸೋಫಾ ಕೊಳ್ಳುವವರು ಬಣ್ಣ, ಬಟ್ಟೆ ಆರಿಸಲು ಗಂಟೆಗಟ್ಟಲೆ ಕಳೆಯುತ್ತಾರೆ. ಬಿಲ್ಲಿನಲ್ಲಿ ಮಾತ್ರ 'ತ್ರೀ ಸೀಟರ್ ಸೋಫಾ - 1' ಎಂಬ ಒಂದೇ ಸಾಲು ಇರುತ್ತದೆ. ಆ ಸಾಲಿನ ಕೆಳಗೆ ಇನ್ನು ನಾಲ್ಕು ಸಂಗತಿ ಬರೆಸಿಕೊಳ್ಳಿ. ಸೀಟಿನ ಫೋಮ್ ಸಾಮಾನ್ಯವೋ, ಎಚ್‌ಆರೋ, ರೀಬಾಂಡೆಡ್ಡೋ. ಅದರ ಡೆನ್ಸಿಟಿ ಎಷ್ಟು. ದಪ್ಪ ಎಷ್ಟು. ಗ್ಯಾರಂಟಿಯಲ್ಲಿ ಫೋಮ್ ತಗ್ಗುವುದೂ ಸೇರಿದೆಯೇ, ಸೇರಿದ್ದರೆ ಎಷ್ಟು ತಗ್ಗಿದಾಗ ಬದಲಿಸಿಕೊಡುತ್ತಾರೆ. ಬಹಳಷ್ಟು ಗ್ಯಾರಂಟಿಗಳು ಮರದ ಚೌಕಟ್ಟಿಗೆ ಮಾತ್ರ ಇರುತ್ತವೆ, ಮೊದಲು ಸೋಲುವ ಫೋಮನ್ನು ಹೊರಗಿಡುತ್ತವೆ. ಸೀಟಿನ ಕವರಿಗೆ ಜಿಪ್ ಇದೆಯೇ ಎಂದೂ ನೋಡಿ. ಜಿಪ್ ಇಲ್ಲದ ಸೀಟನ್ನು ಬಿಚ್ಚಿ ತೂಗಲಾಗುವುದಿಲ್ಲ. ಜಿಪ್ ಇರುವ ಬಿಡಿ ಸೀಟುಗಳನ್ನು ತಿಂಗಳಿಗೊಮ್ಮೆ ಜಾಗ ಬದಲಿಸಿ, ಮೇಲು ಕೆಳಗು ಮಾಡಿ ಇಟ್ಟರೆ ಎಲ್ಲವೂ ಸಮನಾಗಿ ಸವೆಯುತ್ತವೆ.

ಬರೆದುಕೊಟ್ಟ ಗುಣ ಒಳಗೆ ಇಲ್ಲದಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದ '40 ಡೆನ್ಸಿಟಿ'ಗೆ ಅಲ್ಲಿ ಬೆಲೆ ಸಿಗುವುದು ಕಷ್ಟ, ಬಿಲ್ಲಿನ ಮೇಲಿನ '40 ಡೆನ್ಸಿಟಿ'ಗೆ ಸಿಗುತ್ತದೆ. ಬರೆದುಕೊಡಿ ಎಂದಾಗ ಅಂಗಡಿಯವರು ಹಿಂದೇಟು ಹಾಕಿದರೆ, ಒಳಗೆ ಯಾವ ಫೋಮಿದೆ ಎಂಬ ಪ್ರಶ್ನೆಗೆ ನಿಮಗೆ ಉತ್ತರ ಸಿಕ್ಕಂತೆಯೇ. ಮುಂಗಡ ಕೊಡದೆ ಮುಂದಿನ ಅಂಗಡಿಗೆ ಹೋಗಿ.